ಅಂಗಡಿ ಗೋಡೆ, ವಿದ್ಯುತ್ ಕಂಬಕ್ಕೆ ಕಾರು ಡಿಕ್ಕಿ: ಮೂರನೇ ವ್ಯಕ್ತಿಯ ಆಸ್ತಿ ಹಾನಿ ಮತ್ತು ಹೊಣೆಯ ಮಿತಿ

ಕಾರು ಹಿಡಿತ ತಪ್ಪಿ ರಸ್ತೆ ಪಕ್ಕದ ಅಂಗಡಿಯ ಗೋಡೆಗೋ ವಿದ್ಯುತ್ ಕಂಬಕ್ಕೋ ಗುದ್ದಿದಾಗ ಅವುಗಳ ಒಡೆಯರಿಗೆ ಆಗುವ ನಷ್ಟಕ್ಕೆ ಮೋಟಾರು ವಿಮೆಯಲ್ಲಿ ‘ಮೂರನೇ ವ್ಯಕ್ತಿಯ ಆಸ್ತಿ ಹಾನಿ’ ಎಂದು ಹೆಸರು. ವಿಮಾ ಕಚೇರಿಗಳಲ್ಲಿ, ಏಜೆಂಟರ ಬಾಯಲ್ಲಿ ಇದು ‘ಟಿಪಿಪಿಡಿ’. ಪಾಲಿಸಿ ಎಂಬ ಕರಾರಿನಲ್ಲಿ ಕಾರಿನ ಮಾಲೀಕ ಮೊದಲನೆಯವ, ವಿಮಾ ಕಂಪನಿ ಎರಡನೆಯದು. ಆ ಕರಾರಿಗೆ ಸಹಿ ಹಾಕದೆಯೂ ಕಾರಿನಿಂದ ನಷ್ಟಕ್ಕೆ ಒಳಗಾದವರು ಮೂರನೆಯವರು.

ಭಾರತದಲ್ಲಿ ಕಾರು ಅಪಘಾತದಿಂದ ಹೊರಗಿನವರಿಗೆ ಸಾವು ಅಥವಾ ಗಾಯವಾದರೆ ನ್ಯಾಯಮಂಡಳಿ ತೀರ್ಮಾನಿಸಿದ ಪರಿಹಾರವನ್ನು ವಿಮಾ ಕಂಪನಿ ಪೂರ್ತಿಯಾಗಿ ಕೊಡಬೇಕಾಗುತ್ತದೆ. ಆಸ್ತಿಯ ವಿಷಯ ಹಾಗಲ್ಲ. ಅಲ್ಲಿ ಹೊಣೆಗೆ ಮಿತಿಯಿದೆ. ಖಾಸಗಿ ಕಾರಿಗೆ ಸಾಮಾನ್ಯವಾಗಿ ಆ ಮಿತಿ 7.5 ಲಕ್ಷ ರೂಪಾಯಿ. ಆದರೆ ಪ್ರೀಮಿಯಂನಲ್ಲಿ ನೂರು ರೂಪಾಯಿ ಉಳಿಸಲು ಅದನ್ನು 6,000 ರೂಪಾಯಿಗೆ ಇಳಿಸಿಕೊಂಡ ಪಾಲಿಸಿಗಳೂ ಇವೆ. ಮಿತಿ ಮೀರಿದ ಪ್ರತಿ ರೂಪಾಯಿಯೂ ಕಾರಿನ ಮಾಲೀಕ ಮತ್ತು ಚಾಲಕನ ಕೈಯಿಂದಲೇ ಹೋಗಬೇಕು. ಗೋಡೆಗೆ ಗುದ್ದಿದ ಮೇಲೆ ಈ ಮಿತಿಯನ್ನು ಬದಲಿಸಲು ಯಾವ ದಾರಿಯೂ ಇಲ್ಲ.

ಕಾನೂನಿನ ನೆಲೆ

ಸಾರ್ವಜನಿಕ ಸ್ಥಳದಲ್ಲಿ ಓಡುವ ಪ್ರತಿ ವಾಹನಕ್ಕೂ ಮೂರನೇ ವ್ಯಕ್ತಿಯ ವಿಮೆ ಇರಲೇಬೇಕೆಂದು 1988ರ ಮೋಟಾರು ವಾಹನಗಳ ಕಾಯ್ದೆಯ ಸೆಕ್ಷನ್ 146 ಹೇಳುತ್ತದೆ. ಆ ವಿಮೆ ಯಾವ ಯಾವ ಹೊಣೆಯನ್ನು ಹೊರಬೇಕು ಎಂಬುದು ಸೆಕ್ಷನ್ 147ರಲ್ಲಿದೆ. ಸಾವು ಮತ್ತು ಗಾಯದ ಜೊತೆಗೆ ಮೂರನೇ ವ್ಯಕ್ತಿಯ ಆಸ್ತಿಗಾದ ಹಾನಿಯೂ ಅದರಲ್ಲಿ ಸೇರಿದೆ.

ವಿದ್ಯುತ್ ಕಂಬ ಸರ್ಕಾರದ ಸ್ವತ್ತು, ಅದು ವಿಮೆಯ ಲೆಕ್ಕಕ್ಕೆ ಬರುವುದಿಲ್ಲ ಎಂದು ನಂಬಿರುವ ಚಾಲಕರು ಹಲವರು. ಕಾಯ್ದೆ ಇದಕ್ಕೆ ನೇರವಾಗಿಯೇ ಉತ್ತರ ಕೊಟ್ಟಿದೆ. ಸೆಕ್ಷನ್ 145ರ ಪ್ರಕಾರ ‘ಆಸ್ತಿ’ ಎಂಬುದರಲ್ಲಿ ರಸ್ತೆ, ಸೇತುವೆ, ಮೋರಿ, ಮರ, ಕಂಬ, ಮೈಲಿಗಲ್ಲು ಎಲ್ಲವೂ ಸೇರುತ್ತವೆ. ಅದೇ ಸೆಕ್ಷನ್ನಿನಲ್ಲಿ ‘ಮೂರನೇ ವ್ಯಕ್ತಿ’ ಎಂದರೆ ಸರ್ಕಾರವೂ ಸೇರಿದಂತೆ ಎಂದು ಬರೆದಿದೆ. ಹಾಗಾಗಿ ಕಿರಾಣಿ ಅಂಗಡಿಯ ಗೋಡೆಗೂ ಬೆಸ್ಕಾಂನ ಕಂಬಕ್ಕೂ ಒಂದೇ ಪಾಲಿಸಿಯ ಒಂದೇ ಕಲಮಿನಡಿ ಪರಿಹಾರ ಸಿಗುತ್ತದೆ.

ಆಸ್ತಿಯ ಮಿತಿಗೆ ಹಳೆಯ ಚರಿತ್ರೆಯಿದೆ. 1939ರ ಮೋಟಾರು ವಾಹನಗಳ ಕಾಯ್ದೆಗೆ 1969ರಲ್ಲಿ ಬಂದ ತಿದ್ದುಪಡಿ ಆಸ್ತಿ ಹಾನಿಗೆ 2,000 ರೂಪಾಯಿಯ ಮಿತಿ ಹಾಕಿತು. 1982ರ ತಿದ್ದುಪಡಿ ಅದನ್ನು 6,000ಕ್ಕೆ ಏರಿಸಿತು. 1988ರ ಹೊಸ ಕಾಯ್ದೆ ಆ ಅಂಕಿಯನ್ನು ಹಾಗೆಯೇ ಉಳಿಸಿಕೊಂಡಿತು. ಇಟ್ಟಿಗೆ, ಸಿಮೆಂಟು, ಕೂಲಿ ಎಲ್ಲದರ ಬೆಲೆ ಹಲವು ಪಟ್ಟು ಏರಿದರೂ ಕಾಯ್ದೆಯ ಅಂಕಿ ದಶಕಗಳ ಕಾಲ ಕದಲಲಿಲ್ಲ. 2019ರ ತಿದ್ದುಪಡಿಯ ಈ ಭಾಗ 2022ರ ಏಪ್ರಿಲ್ 1ರಂದು ಜಾರಿಗೆ ಬಂದಾಗ ಸೆಕ್ಷನ್ 147ರ ಪಠ್ಯದಿಂದ 6,000ದ ಮಿತಿ ಮರೆಯಾಯಿತು. ಆದರೆ ಪಾಲಿಸಿಗಳಲ್ಲಿ ಮಿತಿ ಉಳಿದಿದೆ. ಅದು 2002ರ ಭಾರತೀಯ ಮೋಟಾರು ಟ್ಯಾರಿಫ್ ರೂಪಿಸಿಕೊಟ್ಟ ಪಾಲಿಸಿ ಒಕ್ಕಣೆಯಿಂದ ಬಂದದ್ದು.

ಪಾಲಿಸಿಯಲ್ಲಿ ಮಿತಿ ಎಲ್ಲಿದೆ

ಕಾರಿನ ಪಾಲಿಸಿಯ ಮೊದಲ ಪುಟಗಳಲ್ಲಿ ‘ಷೆಡ್ಯೂಲ್’ ಎಂಬ ಪಟ್ಟಿ ಇರುತ್ತದೆ. ನೋಂದಣಿ ಸಂಖ್ಯೆ, ಎಂಜಿನ್ ಸಂಖ್ಯೆ, ಪ್ರೀಮಿಯಂನ ವಿವರ ಇರುವುದು ಅಲ್ಲಿಯೇ. ಅದರ ಕೆಳಭಾಗದಲ್ಲಿ ‘ಹೊಣೆಯ ಮಿತಿ’ ಎಂಬ ಸಾಲುಗಳಿವೆ. ಎರಡನೇ ಭಾಗದ 1(ii)ರ ಅಡಿಯಲ್ಲಿ ಕಂಪನಿಯ ಹೊಣೆ ಎಷ್ಟು ಎಂದು ಅಲ್ಲಿ ಬರೆದಿರುತ್ತದೆ. ಇದೇ ಆಸ್ತಿ ಹಾನಿಯ ಮಿತಿ. ಖಾಸಗಿ ಕಾರಿಗೆ 7,50,000 ರೂಪಾಯಿ ಎಂದೂ ದ್ವಿಚಕ್ರ ವಾಹನಕ್ಕೆ 1,00,000 ಎಂದೂ ನಮೂದಾಗಿರುತ್ತದೆ. ಸಮಗ್ರ ಪಾಲಿಸಿ, ಬರೀ ಥರ್ಡ್ ಪಾರ್ಟಿ ಪಾಲಿಸಿ ಎರಡರಲ್ಲೂ ಕಾರಿನ ಈ ಮಿತಿ ಒಂದೇ. ಹೆಚ್ಚು ಪ್ರೀಮಿಯಂ ಕಟ್ಟಿ ಸಮಗ್ರ ಪಾಲಿಸಿ ಕೊಂಡ ಮಾತ್ರಕ್ಕೆ ಪಕ್ಕದವರ ಗೋಡೆಗೆ ಹೆಚ್ಚು ರಕ್ಷಣೆ ಸಿಗುವುದಿಲ್ಲ. ಸಿಗುವುದು ತನ್ನ ಕಾರಿಗೆ.

ಇದೇ ಪುಟದಲ್ಲಿ ‘ಐಎಂಟಿ 20’ ಎಂಬ ನಮೂದು ಕಂಡರೆ ಎಚ್ಚರವಹಿಸಬೇಕು. ಆಸ್ತಿ ಹಾನಿಯ ಹೊಣೆಯನ್ನು 6,000 ರೂಪಾಯಿಗೆ ಇಳಿಸುವ ಅನುಬಂಧದ ಹೆಸರು ಅದು. ಟ್ಯಾರಿಫ್ ಪ್ರಕಾರ ಹೀಗೆ ಇಳಿಸಿಕೊಂಡ ಖಾಸಗಿ ಕಾರಿಗೆ ಪ್ರೀಮಿಯಂನಲ್ಲಿ 100 ರೂಪಾಯಿ, ದ್ವಿಚಕ್ರ ವಾಹನಕ್ಕೆ 50 ರೂಪಾಯಿ ಕಡಿತ. ಆನ್‌ಲೈನ್‌ನಲ್ಲಿ ಪಾಲಿಸಿ ಕೊಳ್ಳುವಾಗ ಇದು ಒಂದು ರಿಯಾಯಿತಿಯ ಹಾಗೆ ಕಾಣಿಸಿಕೊಳ್ಳಬಹುದು. ಕಡಿಮೆ ದರ ತೋರಿಸಿ ಗಿರಾಕಿಯನ್ನು ಹಿಡಿಯುವ ಏಜೆಂಟ್ ಅದನ್ನು ಹೇಳದೆಯೇ ಸೇರಿಸಿರಲೂಬಹುದು. ಆದ್ದರಿಂದ ನವೀಕರಣದ ಸಮಯದಲ್ಲಿ ಒಟ್ಟು ಮೊತ್ತದ ಜೊತೆಗೆ ಆ ಒಂದು ಸಾಲನ್ನೂ ಓದುವುದು ಅಗತ್ಯ.

ಮಿತಿಯ ಬಗ್ಗೆ ಇನ್ನೊಂದು ಮುಖ್ಯ ಸಂಗತಿಯಿದೆ. 7.5 ಲಕ್ಷ ಎಂಬುದು ಒಬ್ಬೊಬ್ಬ ನಷ್ಟಗ್ರಸ್ತರಿಗೂ ಬೇರೆ ಬೇರೆಯಾಗಿ ಸಿಗುವ ಮೊತ್ತವಲ್ಲ. ಒಂದೇ ಘಟನೆಯಿಂದ ಹುಟ್ಟಿದ ಒಂದು ಕ್ಲೇಮಿಗಾಗಲಿ ಹಲವು ಕ್ಲೇಮುಗಳಿಗಾಗಲಿ ಸೇರಿ ಇಷ್ಟೇ ಎಂದು ಷೆಡ್ಯೂಲಿನ ಒಕ್ಕಣೆ ಹೇಳುತ್ತದೆ. ಅದೇ ವರ್ಷ ಬೇರೆ ದಿನ ಬೇರೆ ಅಪಘಾತವಾದರೆ ಆ ಘಟನೆಗೆ ಮತ್ತೆ 7.5 ಲಕ್ಷದ ಲೆಕ್ಕ ಮೊದಲಿನಿಂದ ಶುರುವಾಗುತ್ತದೆ.

ತಪ್ಪು ಸಾಬೀತಾಗಬೇಕು

ಪಾಲಿಸಿ ಗೋಡೆಗೆ ಮಾಡಿಸಿದ ವಿಮೆಯಲ್ಲ, ಮಾಲೀಕನ ಹೊಣೆಗೆ ಮಾಡಿಸಿದ ವಿಮೆ. ಮಾಲೀಕ ಕಾನೂನಿನ ಪ್ರಕಾರ ಎಷ್ಟು ಕೊಡಬೇಕೋ ಅಷ್ಟನ್ನು ಅವನ ಪರವಾಗಿ ಕಂಪನಿ ಕೊಡುತ್ತದೆ. ಆದ್ದರಿಂದ ಚಾಲಕನ ನಿರ್ಲಕ್ಷ್ಯ ಮೊದಲು ಸಾಬೀತಾಗಬೇಕು. ಸಾವು ಮತ್ತು ತೀವ್ರ ಗಾಯಕ್ಕೆ ತಪ್ಪು ಯಾರದೆಂದು ನೋಡದೆಯೇ ನಿಗದಿತ ಪರಿಹಾರ ಕೊಡುವ ಸೆಕ್ಷನ್ 164 ಕಾಯ್ದೆಯಲ್ಲಿದೆ. ಆಸ್ತಿಗೆ ಅಂಥ ಸವಲತ್ತು ಇಲ್ಲ. ಗುದ್ದಿ ಪರಾರಿಯಾದ ಅಪರಿಚಿತ ವಾಹನಕ್ಕಾಗಿ ಸೆಕ್ಷನ್ 161 ರೂಪಿಸಿದ ಯೋಜನೆಯೂ ಸಾವು ಮತ್ತು ತೀವ್ರ ಗಾಯಕ್ಕಷ್ಟೇ ಅನ್ವಯಿಸುತ್ತದೆ. ಆದ್ದರಿಂದ ರಾತ್ರಿ ಯಾವುದೋ ಕಾರು ಗೋಡೆ ಕೆಡವಿ ಹೋದರೆ, ಆ ಕಾರಿನ ನಂಬರ್ ಸಿಗದ ಹೊರತು ಅಂಗಡಿಯವರು ಮೋಟಾರು ವಿಮೆಯಿಂದ ಏನನ್ನೂ ಪಡೆಯಲಾರರು. ಎದುರಿನ ಕಟ್ಟಡದ ಸಿಸಿಟಿವಿ ದೃಶ್ಯವನ್ನು ಅಳಿಸಿಹೋಗುವ ಮೊದಲೇ ಪಡೆದಿಟ್ಟುಕೊಳ್ಳಬೇಕು ಎನ್ನುವುದು ಇದಕ್ಕಾಗಿಯೇ.

ಕಾರು ಯಾರದೆಂದು ಗೊತ್ತಿದ್ದರೆ ನಿರ್ಲಕ್ಷ್ಯವನ್ನು ಸಾಬೀತುಪಡಿಸುವುದು ಅಷ್ಟು ಕಷ್ಟವಲ್ಲ. ನಿಂತಿದ್ದ ಗೋಡೆಗೆ, ನೆಟ್ಟ ಕಂಬಕ್ಕೆ ಕಾರು ಬಂದು ಗುದ್ದಿದೆ ಎಂದಾದರೆ ಆ ಸನ್ನಿವೇಶವೇ ಸಾಕ್ಷಿಯಾಗುತ್ತದೆ. ತನ್ನ ತಪ್ಪಿಲ್ಲ ಎಂದು ವಿವರಿಸುವ ಭಾರ ಚಾಲಕನ ಮೇಲೆ ಬೀಳುತ್ತದೆ. ದನ ಅಡ್ಡ ಬಂತು, ಟೈರ್ ಸಿಡಿಯಿತು ಎಂಬ ಮಾತುಗಳು ಸಾಮಾನ್ಯವಾಗಿ ಕೇಳಿಬರುತ್ತವೆ. ವೇಗ ಎಷ್ಟಿತ್ತು, ಬ್ರೇಕಿನ ಗುರುತು ಎಲ್ಲಿಂದ ಶುರುವಾಗಿದೆ, ಟೈರ್ ಸವೆದಿತ್ತೇ ಎಂಬುದನ್ನು ನೋಡಿ ನ್ಯಾಯಮಂಡಳಿ ಅವನ್ನು ಒಪ್ಪುತ್ತದೆ ಅಥವಾ ತಳ್ಳಿಹಾಕುತ್ತದೆ. ಹಿಂದಿನಿಂದ ಲಾರಿ ಗುದ್ದಿದ್ದರಿಂದ ಕಾರು ಗೋಡೆಗೆ ನುಗ್ಗಿದ್ದರೆ ಹೊಣೆ ಲಾರಿಯದು. ಎರಡೂ ವಾಹನಗಳ ತಪ್ಪು ಬೆರೆತಿದ್ದರೆ ನಷ್ಟಕ್ಕೊಳಗಾದವರು ಅವೆರಡರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಮೊತ್ತವನ್ನು ಕೇಳಬಹುದು ಎಂದು 2015ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಪಾಲು ಹಂಚಿಕೊಳ್ಳುವುದು ಆ ವಾಹನಗಳವರ ನಡುವಿನ ಲೆಕ್ಕ.

ಕಾರು ಓಡಿಸುತ್ತಿದ್ದವರು ಬೇರೆಯವರಾದರೂ ನೋಂದಣಿ ಪುಸ್ತಕದಲ್ಲಿ ಹೆಸರಿರುವ ಮಾಲೀಕನ ಹೊಣೆ ತಪ್ಪುವುದಿಲ್ಲ. ಕಾರು ಮಾರಿ ಹೆಸರು ಬದಲಾಯಿಸದೆ ಬಿಟ್ಟವರೂ ಈ ಸಾಲಿನಲ್ಲೇ ಬರುತ್ತಾರೆ. ದಾಖಲೆಯಲ್ಲಿರುವ ಹೆಸರೇ ಮಾಲೀಕನದು ಎಂದು 2018ರಲ್ಲಿ ಸುಪ್ರೀಂ ಕೋರ್ಟ್ ಸ್ಪಷ್ಟಪಡಿಸಿದೆ.

ಅಂಗಡಿಯ ಗೋಡೆ: ಯಾರ ನಷ್ಟ, ಎಷ್ಟು ನಷ್ಟ

ಅಂಗಡಿಗೆ ಕಾರು ನುಗ್ಗಿದಾಗ ನಷ್ಟವಾಗುವುದು ಹಲವು ಬಾರಿ ಇಬ್ಬರಿಗೆ. ಗೋಡೆ, ರೋಲಿಂಗ್ ಶಟರ್, ಮುಂದಿನ ತಗಡಿನ ಚಾವಣಿ ಕಟ್ಟಡದ ಮಾಲೀಕರದ್ದಾದರೆ ಒಳಗಿನ ಸರಕು, ಗಾಜಿನ ಕಪಾಟು, ಫ್ರಿಜ್ ಬಾಡಿಗೆದಾರರದ್ದು. ಇಬ್ಬರೂ ತಮ್ಮ ತಮ್ಮ ಆಸ್ತಿಗೆ ಬೇರೆ ಬೇರೆಯಾಗಿ ಪರಿಹಾರ ಕೇಳಬೇಕು. ಬಾಡಿಗೆದಾರರು ಗೋಡೆಗೂ ಸೇರಿಸಿ ಅರ್ಜಿ ಹಾಕಿದರೆ, ಗೋಡೆ ನಿಮ್ಮದೆಂದು ತೋರಿಸುವ ದಾಖಲೆ ಎಲ್ಲಿ ಎಂಬ ಪ್ರಶ್ನೆಯಲ್ಲೇ ಅರ್ಜಿ ಸಿಕ್ಕಿಬೀಳುತ್ತದೆ.

ಎಷ್ಟು ನಷ್ಟ ಎಂಬುದರ ಹಿಂದಿನ ತತ್ವ ಸರಳ: ಅಪಘಾತಕ್ಕೆ ಮುಂಚೆ ಇದ್ದ ಸ್ಥಿತಿಗೆ ತರಲು ಬೇಕಾದಷ್ಟು, ಅದಕ್ಕಿಂತ ಹೆಚ್ಚಲ್ಲ. ಮೂವತ್ತು ವರ್ಷದ ಮಣ್ಣಿನ ಗಾರೆಯ ಗೋಡೆ ಬಿದ್ದರೆ ಅದರ ಜಾಗದಲ್ಲಿ ಕಟ್ಟುವುದು ಸಿಮೆಂಟಿನ ಹೊಸ ಗೋಡೆಯನ್ನೇ. ಹಾಗಾಗಿ ಹಳೆಯದರ ಸವಕಳಿಗೆಂದು ಒಂದಿಷ್ಟು ಕಳೆಯಬೇಕೆಂದು ವಿಮಾ ಕಂಪನಿಯ ಸರ್ವೇಯರ್ ವಾದಿಸುತ್ತಾರೆ. ಬಿದ್ದ ಭಾಗದ ಜೊತೆಗೆ ಇಡೀ ಅಂಗಡಿಗೆ ಬಣ್ಣ ಬಳಿಸಿದ ಬಿಲ್ಲು ಕೊಟ್ಟರೆ ಅದನ್ನೂ ಪ್ರಶ್ನಿಸುತ್ತಾರೆ. ಇಂಥ ವಾದಕ್ಕೆ ಉತ್ತರ ಕೊಡುವುದು ದಾಖಲೆಗಳೇ: ಅವಶೇಷ ತೆಗೆಯುವ ಮೊದಲು ಹಿಡಿದ ಚಿತ್ರಗಳು, ಬಿದ್ದ ಗೋಡೆಯ ಉದ್ದ, ಎತ್ತರ, ದಪ್ಪದ ಅಳತೆ, ಪೊಲೀಸರ ಸ್ಥಳ ಮಹಜರು, ಎಂಜಿನಿಯರ್ ಸಹಿಯಿರುವ ಅಂದಾಜು ಪಟ್ಟಿ, ರಿಪೇರಿಯಾದ ಮೇಲಿನ ಬಿಲ್ಲುಗಳು. ಸರಕಿನ ವಿಷಯದಲ್ಲಿ ಖರೀದಿ ಬಿಲ್ಲು, ಸ್ಟಾಕ್ ಪುಸ್ತಕ ಬೇಕು. ಒಡೆದ ಎಣ್ಣೆ ಡಬ್ಬಿಗಳನ್ನು ಎಣಿಸಿ ಮಹಜರಿನಲ್ಲಿ ಬರೆಸದೆ ಗುಡಿಸಿ ಎಸೆದರೆ ಮುಂದೆ ಅವುಗಳ ಲೆಕ್ಕ ನಿಲ್ಲುವುದಿಲ್ಲ.

ಅಂಗಡಿ ಮುಚ್ಚಿದ ದಿನಗಳ ವ್ಯಾಪಾರ ನಷ್ಟ ಹೆಚ್ಚು ವಿವಾದಕ್ಕೆ ಒಳಗಾಗುವ ಬಾಬ್ತು. ಪಾಲಿಸಿಯ ಮಾತು ‘ಆಸ್ತಿಗಾದ ಹಾನಿ’ ಎಂದಿರುವುದರಿಂದ ಕಂಪನಿಗಳು ವ್ಯಾಪಾರ ನಷ್ಟವನ್ನು ಸುಲಭವಾಗಿ ಒಪ್ಪುವುದಿಲ್ಲ. ಅದನ್ನು ಕೇಳುವವರು ತೆರಿಗೆ ರಿಟರ್ನ್ಸ್‌ನಂಥ ದಾಖಲೆಯಿಂದ ದಿನದ ಗಳಿಕೆಯನ್ನು ತೋರಿಸಬೇಕಾಗುತ್ತದೆ.

ಅಂಗಡಿಯವರು ತಮ್ಮದೇ ಬೆಂಕಿ ವಿಮೆ ಮಾಡಿಸಿದ್ದರೆ ಹೊರಗಿನ ವಾಹನ ಬಂದು ಗುದ್ದಿದ ಹಾನಿಯೂ ಸಾಮಾನ್ಯವಾಗಿ ಅದರಲ್ಲಿ ಸೇರಿರುತ್ತದೆ. ಆಗ ಅವರು ಮೊದಲು ತಮ್ಮ ವಿಮಾ ಕಂಪನಿಯಿಂದ ಹಣ ಪಡೆದು ಅಂಗಡಿ ತೆರೆಯಬಹುದು. ಆ ಕಂಪನಿ ಅವರ ಹಕ್ಕನ್ನು ವಹಿಸಿಕೊಂಡು ಕಾರಿನವರಿಂದ ವಸೂಲಿಗೆ ಮುಂದಾಗುತ್ತದೆ. ಒಂದೇ ನಷ್ಟಕ್ಕೆ ಎರಡು ಕಡೆಯಿಂದ ಹಣ ಪಡೆಯಲು ಬರುವುದಿಲ್ಲ.

ವಿದ್ಯುತ್ ಕಂಬ

ಕಂಬಕ್ಕೆ ಗುದ್ದಿದಾಗ ಮೊದಲ ಮಾತು ಹಣದ್ದಲ್ಲ, ಜೀವದ್ದು. ತಂತಿ ಕಾರಿನ ಮೇಲೆ ಬಿದ್ದಿದ್ದರೆ ಒಳಗಿದ್ದವರು ಒಳಗೇ ಕೂತು 1912ಕ್ಕೆ ಕರೆ ಮಾಡಿ ಲೈನ್ ಆಫ್ ಮಾಡಿಸಬೇಕು. ಬೆಂಕಿ ಹತ್ತಿ ಇಳಿಯಲೇಬೇಕಾದರೆ ಕಾರನ್ನೂ ನೆಲವನ್ನೂ ಒಟ್ಟಿಗೆ ಮುಟ್ಟದ ಹಾಗೆ ಎರಡೂ ಕಾಲು ಜೋಡಿಸಿ ಹೊರಗೆ ಜಿಗಿದು, ಪಾದಗಳನ್ನು ಅಗಲಿಸದೆ ದೂರ ಸರಿಯಬೇಕು.

ಆಮೇಲಿನ ಪ್ರಶ್ನೆ ಕಂಬ ಯಾರದೆಂಬುದು. ಕರ್ನಾಟಕದಲ್ಲಿ ಮನೆ, ಅಂಗಡಿಗಳಿಗೆ ವಿದ್ಯುತ್ ಹಂಚುವ ಕಂಬಗಳು ಪ್ರದೇಶಕ್ಕೆ ತಕ್ಕಂತೆ ಬೆಸ್ಕಾಂ, ಮೆಸ್ಕಾಂ, ಹೆಸ್ಕಾಂ, ಜೆಸ್ಕಾಂ ಅಥವಾ ಮೈಸೂರು ಭಾಗದ ಸೆಸ್ಕ್‌ಗೆ ಸೇರಿದವು. ಬರೀ ಬೀದಿ ದೀಪಕ್ಕೆಂದು ನೆಟ್ಟ ಕಂಬ ಪಂಚಾಯಿತಿಯದೋ ನಗರಸಭೆಯದೋ ಆಗಿರಬಹುದು. ಅದೇ ಕಂಬದಲ್ಲಿ ನೇತಾಡುವ ಕೇಬಲ್ ಟಿವಿ, ಇಂಟರ್ನೆಟ್ ತಂತಿಗಳಿಗೆ ಬೇರೆಯದೇ ಒಡೆಯರಿರುತ್ತಾರೆ.

ಎಸ್ಕಾಂನ ಶಾಖಾಧಿಕಾರಿ ಸ್ಥಳಕ್ಕೆ ಬಂದು ಠಾಣೆಗೆ ದೂರು ಕೊಡುತ್ತಾರೆ, ಹಾನಿಯ ಅಂದಾಜು ಪಟ್ಟಿ ಸಿದ್ಧಪಡಿಸುತ್ತಾರೆ. ಮುರಿದ ಕಂಬ, ಅಡ್ಡಪಟ್ಟಿ, ಇನ್ಸುಲೇಟರ್, ತುಂಡಾದ ತಂತಿ, ಸಾಗಣೆ, ಕೂಲಿ ಮತ್ತು ಇಲಾಖೆಯ ಮೇಲ್ವಿಚಾರಣಾ ವೆಚ್ಚ ಅದರಲ್ಲಿರುತ್ತವೆ. ದರಗಳು ಸಂಸ್ಥೆಯ ದರಪಟ್ಟಿಯಿಂದ ಬರುವುದರಿಂದ ಅಂಗಡಿ ಗೋಡೆಯ ಹಾಗೆ ಬಿಲ್ಲಿನ ಚೌಕಾಸಿಗೆ ಇಲ್ಲಿ ಎಡೆ ಕಡಿಮೆ. ಆದರೂ ನೋಡಬೇಕಾದ ಎರಡು ಸಂಗತಿಗಳಿವೆ. ಅಪಘಾತದಲ್ಲಿ ಮುರಿದದ್ದು ಎಷ್ಟು ಕಂಬ, ಪಟ್ಟಿಯಲ್ಲಿ ಬರೆದದ್ದು ಎಷ್ಟು ಎಂಬುದು ಮಹಜರಿಗೆ ಹೊಂದಬೇಕು. ಬಿಚ್ಚಿ ತೆಗೆದ ಹಳೆಯ ತಂತಿ, ಕಬ್ಬಿಣದ ಬೆಲೆಯನ್ನು ಮೊತ್ತದಿಂದ ಕಳೆದಿದ್ದಾರೆಯೇ ಎಂಬುದನ್ನೂ ನೋಡಬೇಕು.

ಖರ್ಚನ್ನು ಒಮ್ಮೆಲೇ ಮೇಲೇರಿಸುವುದು ಟಿಸಿ, ಅಂದರೆ ಟ್ರಾನ್ಸ್‌ಫಾರ್ಮರ್. ಎರಡು ಕಂಬದ ನಡುವೆ ಅಟ್ಟ ಕಟ್ಟಿ ಕೂರಿಸಿದ ಟಿಸಿಗೆ ಕಾರು ಗುದ್ದಿದರೆ ಕಂಬದ ಜೊತೆಗೆ ಯಂತ್ರ, ಅದರೊಳಗಿನ ಎಣ್ಣೆ, ಸ್ವಿಚ್ಚುಗಳು, ಅರ್ಥಿಂಗ್ ಎಲ್ಲದರ ಲೆಕ್ಕ ಸೇರುತ್ತದೆ. 7.5 ಲಕ್ಷದ ಮಿತಿ ಸಾಲದೆ ಹೋಗುವ ಸಂಭವ ಇಂಥ ಕಡೆ ಹೆಚ್ಚು.

ಹಣದ ಹೊಣೆಯ ಜೊತೆಗೆ ಶಿಕ್ಷೆಯ ಹೊಣೆಯೂ ಇದೆ. ಅಜಾಗರೂಕ ಚಾಲನೆಗೆ ಭಾರತೀಯ ನ್ಯಾಯ ಸಂಹಿತೆಯ ಸೆಕ್ಷನ್ 281 ಅನ್ವಯಿಸುತ್ತದೆ. ವಿದ್ಯುತ್ ಸಾಮಗ್ರಿಯನ್ನು ನಿರ್ಲಕ್ಷ್ಯದಿಂದ ಹಾಳುಮಾಡಿದವರಿಗೆ 2003ರ ವಿದ್ಯುತ್ ಕಾಯ್ದೆಯ ಸೆಕ್ಷನ್ 139ರಲ್ಲಿ ಹತ್ತು ಸಾವಿರ ರೂಪಾಯಿವರೆಗೆ ದಂಡವಿದೆ. ಸಾರ್ವಜನಿಕ ಆಸ್ತಿ ಹಾನಿ ತಡೆಯ 1984ರ ಕಾಯ್ದೆ ಮಾತ್ರ ಬೇಕೆಂದೇ ಅಥವಾ ತಿಳಿದೂ ಮಾಡಿದ ಹಾನಿಗಾಗಿ ಇರುವುದು. ಹಿಡಿತ ತಪ್ಪಿದ ಕಾರಿನ ಪ್ರಕರಣ ಅದರ ವ್ಯಾಪ್ತಿಯದಲ್ಲ. ಕೋರ್ಟು ಹಾಕುವ ದಂಡವನ್ನು ಯಾವ ಪಾಲಿಸಿಯೂ ಕಟ್ಟುವುದಿಲ್ಲ.

ಅಪಘಾತದ ನಂತರ ಕಾರಿನವರು ಮಾಡಬೇಕಾದ್ದು

ಮೂರನೇ ವ್ಯಕ್ತಿಯ ಆಸ್ತಿಗೆ ಹಾನಿಯಾದಾಗ, ಸ್ಥಳದಲ್ಲಿ ಪೊಲೀಸರಿಲ್ಲದಿದ್ದರೆ ಚಾಲಕ ಆದಷ್ಟು ಬೇಗ, ತಪ್ಪಿದರೆ 24 ಗಂಟೆಯೊಳಗೆ ಹತ್ತಿರದ ಠಾಣೆಗೆ ವಿಷಯ ತಿಳಿಸಬೇಕು ಎಂದು ಸೆಕ್ಷನ್ 134 ವಿಧಿಸುತ್ತದೆ. ಯಾರಿಗೂ ಗಾಯವಾಗಿಲ್ಲ ಎಂಬ ಕಾರಣಕ್ಕೆ ಈ ಕರ್ತವ್ಯ ಇಲ್ಲವಾಗುವುದಿಲ್ಲ. ಪಾಲಿಸಿ ಸಂಖ್ಯೆ, ಅಪಘಾತದ ದಿನ, ಹೊತ್ತು, ಸ್ಥಳ, ಚಾಲಕನ ಹೆಸರು ಮತ್ತು ಲೈಸೆನ್ಸಿನ ವಿವರವನ್ನು ವಿಮಾ ಕಂಪನಿಗೂ ಬರಹದಲ್ಲಿ ಕೊಡಬೇಕು.

ಎಷ್ಟೋ ಮಂದಿ ಎಡವುವುದು ಇದರ ಮುಂದಿನ ಹೆಜ್ಜೆಯಲ್ಲಿ. ಜನ ಸೇರುತ್ತಾರೆ, ಅಂಗಡಿಯವರು ಕಾರಿನ ಕೀಲಿ ಕಿತ್ತುಕೊಳ್ಳುತ್ತಾರೆ, ಊರಿನ ಹಿರಿಯರೊಬ್ಬರು ಮಧ್ಯೆ ಬಂದು ಒಂದು ಮೊತ್ತ ಹೇಳುತ್ತಾರೆ. ಕಾರಿನವರು ಆ ಮೊತ್ತಕ್ಕೆ ಒಪ್ಪಿ, ಬಿಳಿ ಹಾಳೆಯಲ್ಲಿ ಬರೆದುಕೊಟ್ಟು, ಹಣ ತೆತ್ತು ಹೋಗುತ್ತಾರೆ. ಕಂಪನಿಯ ಲಿಖಿತ ಒಪ್ಪಿಗೆ ಇಲ್ಲದೆ ತಪ್ಪೊಪ್ಪಿಗೆಯನ್ನಾಗಲಿ, ಕೊಡುತ್ತೇನೆಂಬ ಮಾತನ್ನಾಗಲಿ, ಹಣವನ್ನಾಗಲಿ ಕೊಡಬಾರದು ಎಂಬುದು ಪಾಲಿಸಿಯ ಷರತ್ತು. ಆ ಷರತ್ತು ಮುರಿದು ಕೊಟ್ಟ ಹಣವನ್ನು ಆಮೇಲೆ ಕಂಪನಿಯಿಂದ ಕೇಳಿದರೆ ಅದು ನಿರಾಕರಿಸಬಹುದು. ಕೆಲವು ಸಾವಿರದ ಸಣ್ಣ ಹಾನಿಯನ್ನು ಸ್ವಂತ ಹಣದಿಂದ ಮುಗಿಸಿಕೊಳ್ಳುವುದು ಮಾಲೀಕನ ಇಷ್ಟ. ಆಗ ಪೂರ್ತಿ ಪರಿಹಾರ ಸಂದಿದೆ ಎಂಬ ರಸೀದಿಯನ್ನು ಅಂಗಡಿಯವರಿಂದ ಪಡೆದಿಟ್ಟುಕೊಳ್ಳಬೇಕು. ಮೊತ್ತ ದೊಡ್ಡದಾದರೆ ಸ್ಥಳದಲ್ಲಿ ಕೊಡಬೇಕಾದ್ದು ಪಾಲಿಸಿಯ ಪ್ರತಿ ಮತ್ತು ಫೋನ್ ನಂಬರ್, ನಗದಲ್ಲ.

ತನ್ನ ಕಾರಿನ ಮುಂಭಾಗ ಜಜ್ಜಿಹೋದದ್ದು ಬೇರೆಯದೇ ಕ್ಲೇಮು. ಅದಕ್ಕೆ ಸ್ವಂತ ಹಾನಿಯ ವಿಮೆ ಇರಬೇಕು, ಕಡ್ಡಾಯ ಕಡಿತವಿದೆ, ಮುಂದಿನ ವರ್ಷದ ನೋ ಕ್ಲೇಮ್ ಬೋನಸ್ ಹೋಗುತ್ತದೆ. ಗೋಡೆ, ಕಂಬಕ್ಕಾಗಿ ಮೂರನೇ ವ್ಯಕ್ತಿಯ ಭಾಗದಿಂದ ಹಣ ಸಂದಾಯವಾದರೆ ಬೋನಸ್ಸಿಗೆ ಧಕ್ಕೆಯಿಲ್ಲ. ಬೋನಸ್ ಉಳಿಸಲೆಂದು ಅಂಗಡಿಯವರ ಕ್ಲೇಮನ್ನು ತಡೆಯುವುದರಿಂದ ಲಾಭವೇನೂ ಇಲ್ಲ.

ನಷ್ಟಕ್ಕೊಳಗಾದವರ ದಾರಿ

ಆಸ್ತಿಯ ಮಾಲೀಕರು ಮೋಟಾರು ಅಪಘಾತ ಪರಿಹಾರ ನ್ಯಾಯಮಂಡಳಿಗೆ ಸೆಕ್ಷನ್ 166ರಡಿ ಅರ್ಜಿ ಸಲ್ಲಿಸಬಹುದು. ಬೆಂಗಳೂರಿನಲ್ಲಿ ಲಘು ವ್ಯವಹಾರಗಳ ನ್ಯಾಯಾಲಯವೂ ಜಿಲ್ಲೆಗಳಲ್ಲಿ ಜಿಲ್ಲಾ ಮತ್ತು ಹಿರಿಯ ಸಿವಿಲ್ ನ್ಯಾಯಾಲಯಗಳೂ ಈ ಕೆಲಸ ಮಾಡುತ್ತವೆ. ಅಪಘಾತ ನಡೆದ ಊರಿನಲ್ಲಿ ಮಾತ್ರವಲ್ಲ, ಅರ್ಜಿದಾರರು ವಾಸಿಸುವ ಅಥವಾ ವ್ಯಾಪಾರ ಮಾಡುವ ಊರಿನಲ್ಲೂ ಅರ್ಜಿ ಹಾಕಬಹುದು. ಚಾಲಕ, ಮಾಲೀಕ, ವಿಮಾ ಕಂಪನಿ ಮೂವರನ್ನೂ ಎದುರುದಾರರನ್ನಾಗಿ ಮಾಡಬೇಕು. 2022ರ ಏಪ್ರಿಲ್‌ನಿಂದ ಅರ್ಜಿಗೆ ಅಪಘಾತದ ದಿನದಿಂದ ಆರು ತಿಂಗಳ ಗಡುವು ಬಂದಿದೆ. ಈ ಗಡುವು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನೆಗೆ ಒಳಗಾಗಿದೆಯಾದರೂ ಆರು ತಿಂಗಳೊಳಗೇ ಅರ್ಜಿ ಹಾಕುವುದು ಕ್ಷೇಮ. ಆಸ್ತಿ ಹಾನಿ 2,000 ರೂಪಾಯಿ ಮೀರಿದ್ದರೆ ನ್ಯಾಯಮಂಡಳಿಯ ಬದಲು ಸಿವಿಲ್ ನ್ಯಾಯಾಲಯವನ್ನು ಆರಿಸಿಕೊಳ್ಳುವ ಅವಕಾಶ 1939ರ ಕಾಯ್ದೆಯಲ್ಲಿತ್ತು, 1988ರ ಕಾಯ್ದೆಯಲ್ಲಿ ಅದಿಲ್ಲ.

ಮೊತ್ತದ ಬಗ್ಗೆ ದೊಡ್ಡ ತಕರಾರು ಇಲ್ಲದ ಪ್ರಕರಣಗಳು ಲೋಕ ಅದಾಲತ್‌ನಲ್ಲಿ ಬೇಗ ಮುಗಿಯುತ್ತವೆ. ಕಂಪನಿಯ ಅಧಿಕಾರಿಯೇ ಅಲ್ಲಿ ಕೂತು ಒಪ್ಪುವುದರಿಂದ ಒಪ್ಪಿಗೆಯಿಲ್ಲದ ರಾಜಿ ಎಂಬ ತೊಡಕು ಬರುವುದಿಲ್ಲ. ಅಲ್ಲಿನ ತೀರ್ಮಾನದ ಮೇಲೆ ಮೇಲ್ಮನವಿಯೂ ಇಲ್ಲ.

ಒಂದು ಲೆಕ್ಕ

ಲೆಕ್ಕ ತಿಳಿಯಲೆಂದು ಒಂದು ಕಲ್ಪಿತ ಸಂದರ್ಭ. ತುಮಕೂರಿನ ಹೊರವಲಯದಲ್ಲಿ ಕಾರೊಂದು ಹಿಡಿತ ತಪ್ಪಿ ಕಂಬವೊಂದನ್ನು ಮುರಿದು, ಪಕ್ಕದ ಕಿರಾಣಿ ಅಂಗಡಿಯ ಗೋಡೆ ಕೆಡವಿತು ಎಂದುಕೊಳ್ಳೋಣ. ಕಟ್ಟಡದ ಮಾಲೀಕರು ಗೋಡೆ ಮತ್ತು ಶಟರಿಗೆ 1,60,000 ರೂಪಾಯಿ ಕೇಳುತ್ತಾರೆ. ಶಟರ್ ಹಳೆಯದೆಂದು 20,000 ಸವಕಳಿ ಕಳೆದು ನ್ಯಾಯಮಂಡಳಿ 1,40,000 ಕೊಡುತ್ತದೆ. ಬಾಡಿಗೆದಾರರು ಸರಕಿಗೆ 90,000 ಕೇಳಿದರೂ 70,000ಕ್ಕಷ್ಟೇ ಬಿಲ್ಲುಗಳಿವೆ, ಅಷ್ಟೇ ಸಿಗುತ್ತದೆ. ಕಂಬ ಮತ್ತು ತಂತಿಗೆ ಬೆಸ್ಕಾಂನ ಪಟ್ಟಿ 1,10,000. ಒಟ್ಟು 3,20,000 ರೂಪಾಯಿ.

ಪಾಲಿಸಿಯಲ್ಲಿ 7.5 ಲಕ್ಷದ ಮಿತಿ ಇದ್ದರೆ ಮೂವರಿಗೂ ವಿಮಾ ಕಂಪನಿಯೇ ಪೂರ್ತಿ ಕೊಡುತ್ತದೆ. ಮಾಲೀಕನ ಕೈಯಿಂದ ಏನೂ ಹೋಗುವುದಿಲ್ಲ.

ಅದೇ ಪಾಲಿಸಿಯಲ್ಲಿ ಐಎಂಟಿ 20 ಇದ್ದರೆ ಕಂಪನಿ ಕೊಡುವುದು ಒಟ್ಟು 6,000. ಉಳಿದ 3,14,000 ರೂಪಾಯಿಯನ್ನು ಮಾಲೀಕ ಮತ್ತು ಚಾಲಕ ಕಟ್ಟಬೇಕು. ಕಟ್ಟದಿದ್ದರೆ ಸೆಕ್ಷನ್ 174ರಡಿ ಜಿಲ್ಲಾಧಿಕಾರಿಯ ಮೂಲಕ ಭೂಕಂದಾಯ ಬಾಕಿಯ ಹಾಗೆ ವಸೂಲು ಮಾಡಲು ದಾರಿಯಿದೆ. ಪ್ರೀಮಿಯಂನಲ್ಲಿ ಉಳಿದದ್ದು 100 ರೂಪಾಯಿ.

ಕಾರು ಗುದ್ದಿದ್ದು ಬರೀ ಕಂಬಕ್ಕಲ್ಲ, ಟಿಸಿಗೆ ಎಂದಿಟ್ಟುಕೊಂಡರೆ ಇನ್ನೊಂದು 5,00,000 ಸೇರಿ ಒಟ್ಟು 8,20,000 ಆಗಬಹುದು. ಆಗ ಪೂರ್ಣ ಮಿತಿಯ ಪಾಲಿಸಿಯಿದ್ದವರೂ 70,000 ರೂಪಾಯಿಯನ್ನು ತಾವೇ ಕೊಡಬೇಕು. ಕ್ಲೇಮು ಮೂರಾದರೂ ಘಟನೆ ಒಂದೇ ಆದ್ದರಿಂದ ಮಿತಿಯೂ ಒಂದೇ.

ಮಿತಿಯೊಳಗಿದ್ದರೂ ಸಿಗದ ಸಂದರ್ಭಗಳು

ಕೆಲವು ಕಡೆ ಮಿತಿ ಎಷ್ಟಿದ್ದರೂ ಪ್ರಯೋಜನವಿಲ್ಲ. ವಿಮೆ ಮಾಡಿಸಿದವರ ಸ್ವಂತ ಆಸ್ತಿಗೆ, ಅವರ ವಶದಲ್ಲಿರುವ ಅಥವಾ ಅವರನ್ನು ನಂಬಿ ಒಪ್ಪಿಸಿದ ಆಸ್ತಿಗೆ ಈ ರಕ್ಷಣೆ ಸಲ್ಲದು. ಕಾರನ್ನು ಹಿಂದಕ್ಕೆ ತೆಗೆಯುವಾಗ ತನ್ನದೇ ಕಾಂಪೌಂಡ್ ಗೋಡೆ ಬಿದ್ದರೆ, ತಾನೇ ಬಾಡಿಗೆಗೆ ಹಿಡಿದ ಅಂಗಡಿಗೆ ಗುದ್ದಿದರೆ, ಪಾಲಿಸಿಯ ಈ ಭಾಗದಿಂದ ಹಣ ಬರುವುದಿಲ್ಲ.

ಚಾಲಕನಿಗೆ ಲೈಸೆನ್ಸ್ ಇಲ್ಲದಿದ್ದರೆ, ಅವನು ಕುಡಿದಿದ್ದರೆ, ಖಾಸಗಿ ಕಾರನ್ನು ಬಾಡಿಗೆಗೆ ಓಡಿಸುತ್ತಿದ್ದರೆ ಕಂಪನಿ ಹೊಣೆಯಿಂದ ಹಿಂದೆ ಸರಿಯಲು ವಾದಿಸಬಹುದು. ನ್ಯಾಯಮಂಡಳಿ ಕೆಲವೊಮ್ಮೆ ಮೊದಲು ನಷ್ಟಕ್ಕೊಳಗಾದವರಿಗೆ ಕೊಟ್ಟು ಆಮೇಲೆ ಮಾಲೀಕನಿಂದ ವಸೂಲು ಮಾಡಿಕೊಳ್ಳುವಂತೆ ಕಂಪನಿಗೆ ಆದೇಶಿಸುತ್ತದೆ. ಅಂಗಡಿಯವರಿಗೆ ಅದರಿಂದ ನೆಮ್ಮದಿ ಸಿಗಬಹುದು. ಮಾಲೀಕನ ಪಾಲಿಗೆ ಭಾರ ಹಾಗೇ ಉಳಿಯುತ್ತದೆ. ಪಾಲಿಸಿಯ ಅವಧಿ ಮುಗಿದ ಮರುದಿನ ಗುದ್ದಿದ ಕಾರಿನ ಸ್ಥಿತಿಯೂ ಇದೇ. ಅಂಥ ಕಾರಿನವರ ವಿರುದ್ಧ ತೀರ್ಪು ಬಂದರೂ ವಸೂಲಾಗುವುದು ಅವರ ಬಳಿ ಆಸ್ತಿಯಿದ್ದಷ್ಟೇ. ಆದ್ದರಿಂದ ಕಡ್ಡಾಯ ವಿಮೆಯ ಈ ಭಾಗ ಕಾರಿನವರನ್ನು ಸಾಲದಿಂದ ಕಾಪಾಡುವಷ್ಟೇ, ಗೋಡೆ ಕಳೆದುಕೊಂಡ ಸಣ್ಣ ಅಂಗಡಿಯವರಿಗೆ ಹಣ ನಿಜಕ್ಕೂ ಕೈಸೇರುವುದಕ್ಕೂ ಆಧಾರ. ಮಿತಿಯನ್ನು 6,000ಕ್ಕೆ ಇಳಿಸಿಕೊಂಡವರು ಕಳೆದುಕೊಳ್ಳುವುದು ತಮ್ಮ ರಕ್ಷಣೆಯನ್ನು ಮಾತ್ರವಲ್ಲ, ತಾವು ಕಂಡರಿಯದ ಆ ಅಂಗಡಿಯವರ ಭರವಸೆಯನ್ನೂ.